ಎಚ್‌ಎಂಟಿ ಜನತಾ: ಬೆಲ್ಟಿನ ಅಳತೆ 17 ಆ, 18 ಆ? ಪಿನ್ನು ತೆಗೆಯೋದು ಹೇಗೆ?

ತಿಪಟೂರು_ಎಕ್ಸ್‌ಪ್ರೆಸ್

ವಾಚು ಎಚ್‌ಎಂಟಿ ಜನತಾ, ಚಾವಿ ಕೊಡುವ ಹಳೇ ಮಾದರಿ. ಹಿಂದಿನ ಮುಚ್ಚಳದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್ ಅಂತ ಕೊರೆದಿದೆ. ಚರ್ಮದ ಬೆಲ್ಟು ಹರಿದಿದೆ, ಹೊಸದನ್ನು ಮನೆಯಲ್ಲೇ ಹಾಕಬೇಕು. ಬೆಲ್ಟು ಹಿಡಿದಿರುವ ಸ್ಪ್ರಿಂಗ್ ಪಿನ್ನು ತೆಗೆಯೋ ಸ್ಪ್ರಿಂಗ್ ಬಾರ್ ಟೂಲ್ ತರಿಸಿದ್ದಾಗಿದೆ: ಒಂದು ತುದಿಯಲ್ಲಿ ಕವಲು, ಇನ್ನೊಂದು ತುದಿಯಲ್ಲಿ ಸೂಜಿ.

ತೊಂದರೆ ಇರೋದು ಅಳತೆಯಲ್ಲಿ. ಹಳೇ ಬೆಲ್ಟನ್ನು ಅಳೆದರೆ 17 ಮಿ.ಮೀ. ವಾಚಿನ ಮೇಲೆ ಸ್ಕೇಲಿಟ್ಟು ನೋಡಿದರೆ ಹದಿನೇಳೂವರೆ ಥರ ಕಾಣುತ್ತೆ. ಅಂಗಡಿಯಲ್ಲಿ 20ರ ಬೆಲ್ಟು ತೋರಿಸಿ "ಒತ್ತಿ ಕೂರಿಸಿದ್ರೆ ಕೂರುತ್ತೆ" ಅಂದರು. ಯಾವುದು ತಗೊಳ್ಳಲಿ?

ನಾಣ್ಯಗಾರ

ಜನತಾ ಅಂದಮೇಲೆ 18. ಅಳೆಯೋ ಕೆಲಸವೇ ಇಲ್ಲ, ಕಣ್ಣುಮುಚ್ಚಿ ತಗೊಳ್ಳಿ. ಖಾತ್ರಿ ಬೇಕಿದ್ದರೆ ಒಂದು ರೂಪಾಯಿ ನಾಣ್ಯ ಹಿಡಿದು ನೋಡಿ, ಅದು 22 ಮಿ.ಮೀ. ಅದಕ್ಕಿಂತ ಎಷ್ಟು ಕಮ್ಮಿ ಅಂತ ಕಣ್ಣಲ್ಲೇ ಗೊತ್ತಾಗುತ್ತೆ.

ರಿಪೇರಿ_ಮೇಜು

ಜನತಾಗೆ ಸಾಮಾನ್ಯವಾಗಿ 18 ಅನ್ನೋದು ಸರಿ. ಆದರೆ ಈಗ ಓಡಾಡುತ್ತಿರುವ ಜನತಾಗಳಲ್ಲಿ ಎಷ್ಟೋ ಜೋಡಿಸಿದವು: ಯಂತ್ರ ಒಂದರದ್ದು, ಡಯಲ್ಲು ಇನ್ನೊಂದರದ್ದು, ಕೇಸು ಎಲ್ಲಿಯದೋ. ಡಯಲ್ಲಿನ ಮೇಲಿರುವ ಹೆಸರು ನೋಡಿ ಬೆಲ್ಟು ತರುವುದು ಅದಕ್ಕೇ ಅಪಾಯ. ಬೆಲ್ಟು ಕೂರೋದು ಕೇಸಿಗೆ. ಅಳೆಯಬೇಕಾದ್ದೂ ಕೇಸನ್ನೇ.

ನಾಣ್ಯದ ವಿಷಯ. 2011ರ ಸರಣಿಯ ಒಂದು ರೂಪಾಯಿ ಸುಮಾರು 22 ಮಿ.ಮೀ. ನಿಜ. 2019ರಲ್ಲಿ ಬಂದ ಸರಣಿಯದ್ದು 20. ಜೇಬಿನಲ್ಲಿ ಎರಡೂ ಸಿಗುತ್ತವೆ, ಯಾವುದು ಹಿಡಿದಿದ್ದೀರಿ ಅನ್ನೋದರ ಮೇಲೆ ಉತ್ತರವೇ ಬದಲಾಗುತ್ತೆ.

ಎಕ್ಸ್‌ಪ್ರೆಸ್ ಅವರೇ, ಹಳೇ ಬೆಲ್ಟನ್ನು ಲೆಕ್ಕಕ್ಕೆ ತಗೋಬೇಡಿ. ಬೆವರು ಕುಡಿದು ಒಣಗಿದ ಚರ್ಮ ಕುಗ್ಗುತ್ತೆ, ಅಂಚು ಸವೆಯುತ್ತೆ. ಹಿಂದೆ ಹಾಕಿದವರು ಕೈಗೆ ಸಿಕ್ಕ ಸೈಜು ಹಾಕಿರಲೂಬಹುದು. ಸ್ಕೇಲು ಯಾಕೆ ಮೋಸ ಮಾಡುತ್ತೆ ಅಂದರೆ, ಬೆಲ್ಟು ಹಿಡಿಯೋಕೆ ಕೇಸಿನಿಂದ ಹೊರಚಾಚಿದ ಕೊಂಬುಗಳು, ಅಂದರೆ ಲಗ್ಗುಗಳ ಮೇಲ್ತುದಿ ದುಂಡಗಿರುತ್ತೆ, ಸ್ಕೇಲು ಕೂರೋದು ಅದರ ಮೇಲೆ. ನಿಮಗೆ ಬೇಕಾಗಿರೋದು ಕೆಳಗೆ, ಪಿನ್ನಿನ ತೂತು ಇರುವ ಮಟ್ಟದಲ್ಲಿ, ಎರಡು ಲಗ್ಗಿನ ಒಳಗೋಡೆಗಳ ನಡುವಿನ ದೂರ. ಮೇಲಿಂದ ಸ್ವಲ್ಪ ಓರೆಯಾಗಿ ನೋಡಿದರೂ ಅರ್ಧ ಮಿ.ಮೀ. ಆಚೀಚೆ ಆಗುತ್ತೆ.

ವರ್ನಿಯರ್ ಇದೆಯಾ? ಇದ್ದರೆ ಮೇಲ್ಗಡೆಯ ಚಿಕ್ಕ ದವಡೆಗಳನ್ನು ಲಗ್ಗುಗಳ ಮಧ್ಯೆ ಇಳಿಸಿ, ಮೆಲ್ಲಗೆ ಅಗಲಿಸಿ, ಗೋಡೆಗೆ ತಾಗಿದ ಮೇಲೆ ಆಚೀಚೆ ಚೂರು ಅಲ್ಲಾಡಿಸಿ. ಓರೆಯಾದಾಗ ಅಂಕಿ ಹೆಚ್ಚಾಗುತ್ತೆ, ನೇರವಾದಾಗ ಕಮ್ಮಿ. ಸಿಗುವ ಅತಿ ಕಡಿಮೆ ಅಂಕಿಯೇ ಸರಿಯಾದ ಅಳತೆ. ಅಳೆಯುವ ಮುಂಚೆ ಗೋಡೆಗೆ ಅಂಟಿದ ಬೆವರು, ಮಣ್ಣು ಕೆರೆದು ತೆಗೆಯಿರಿ. ಎರಡೂ ಕಡೆ ಒಂದೊಂದು ಪದರ ಕೊಳೆ ಸೇರಿದರೆ 18 ಇದ್ದದ್ದು ಹದಿನೇಳೂವರೆ ಆಗೋಕೆ ಸಾಕು.

ತಿಪಟೂರು_ಎಕ್ಸ್‌ಪ್ರೆಸ್

ವರ್ನಿಯರ್ ಇಲ್ಲ ಸಾರ್. ಬೆಲ್ಟಿಗಿಂತ ಅದರ ರೇಟೇ ಜಾಸ್ತಿ.

ಹುಬ್ಬಳ್ಳಿ_ಗಂಟೆ

ವರ್ನಿಯರ್ ಯಾಕ್ ಬೇಕ್ರಿ? ಮನ್ಯಾಗ ಹಳೇ ಲಗ್ನಪತ್ರಿಕೆ ಇರ್ತಾವಲ್ಲ, ದಪ್ಪ ರಟ್ಟಿನವು, ಒಂದು ತಗೋರಿ. ಅದರಾಗ ಉದ್ದಕ ಒಂದು ಪಟ್ಟಿ ಕತ್ತರಿಸ್ರಿ: ಒಂದು ತುದಿ 16 ಮಿ.ಮೀ. ಅಗಲ, ಇನ್ನೊಂದು ತುದಿ 22, ನಡುವ ಉದ್ದ 60. ಅಂದ್ರ 10 ಮಿ.ಮೀ. ಉದ್ದಕ್ಕ 1 ಮಿ.ಮೀ. ಅಗಲ ಹೆಚ್ಚಾಗ್ತದ. ಸಣ್ಣ ತುದಿ ಕೆಳಗ ಮಾಡಿ, ರಟ್ಟು ನೆಟ್ಟಗ ನಿಂತಂಗ ಹಿಡದು, ವಾಚಿನ ಹಿಂದಿಂದ ಎರಡು ಲಗ್ಗಿನ ನಡುವ ತೂತಿನ ನೇರಕ್ಕ ಇಳಸ್ರಿ. ಎರಡೂ ಕಡೆ ತಾಗಿ ನಿಂತಲ್ಲೆ ಪೆನ್ಸಿಲ್ ಗೆರಿ ಹಾಕ್ರಿ. ಸಣ್ಣ ತುದಿಯಿಂದ ಗೆರಿತನಕ ಎಷ್ಟು ಉದ್ದ ಆತು ನೋಡ್ರಿ: 20 ಬಂದ್ರ ಅಗಲ 18, 30 ಬಂದ್ರ 19.

ಇದರಾಗ ಚಂದ ಏನಪಾ ಅಂದ್ರ, ಗೆರಿ 1 ಮಿ.ಮೀ. ಹೆಚ್ಚುಕಮ್ಮಿ ಆದ್ರೂ ಅಗಲದಾಗ ತಪ್ಪು ಬರೋದು ಬರೇ 0.1. ಸಾಲಿ ಹುಡುಗರ ಸ್ಕೇಲು ಸಾಕು. ಒತ್ತಿ ತುರುಕಬ್ಯಾಡ್ರಿ ಮತ್ತ, ರಟ್ಟು ಅಂಚಿನಾಗ ಮಡಚಿದ್ರ ಅಳತಿ ಹಾಳಾತು.

ನಾಣ್ಯಗಾರ

ಹಾಗಾದರೆ ನಾಣ್ಯವೂ ನಡೀಬೇಕಲ್ಲ? ಅದೂ ನೆಟ್ಟಗೆ ನಿಲ್ಲುತ್ತೆ.

ರಿಪೇರಿ_ಮೇಜು

ನಡೆಯುತ್ತೆ, ಪಿನ್ನು ತೆಗೆದ ಮೇಲೆ. ಪಿನ್ನು ಇದ್ದರೆ ನಾಣ್ಯದ ಅತಿ ಅಗಲದ ಭಾಗ ಲಗ್ಗಿನ ಮಟ್ಟಕ್ಕೆ ಇಳಿಯೋದೇ ಇಲ್ಲ. ಆಮೇಲೂ ನಾಣ್ಯ ಕೊಡೋದು ಹೌದು ಅಥವಾ ಅಲ್ಲ ಅನ್ನೋ ಉತ್ತರ ಮಾತ್ರ. ಹೊಸ ಒಂದು ರೂಪಾಯಿ ಸರಾಗವಾಗಿ ಹೋದರೆ 20 ಅಥವಾ ಹೆಚ್ಚು, ಹೋಗದಿದ್ದರೆ ಕಮ್ಮಿ. 17ಕ್ಕೂ 18ಕ್ಕೂ ಇರುವ ವ್ಯತ್ಯಾಸ ಅದರಿಂದ ಸಿಗಲ್ಲ. ಲಗ್ನಪತ್ರಿಕೆ ಉಪಾಯ ಒಳ್ಳೆಯದು. ಅದಕ್ಕೂ ಪಿನ್ನು ತೆಗೆದಿರಬೇಕು, ಇಲ್ಲಾಂದರೆ ರಟ್ಟು ಪಿನ್ನಿನ ಮೇಲೇ ನಿಲ್ಲುತ್ತೆ. ಅಥವಾ ಪಿನ್ನಿನ ಪಕ್ಕದಲ್ಲಿ, ಲಗ್ಗಿನ ತುದಿ ಕಡೆ ಇಳಿಸಬಹುದು, ಗೋಡೆಗಳು ಸಮಾಂತರ ಇದ್ದರೆ.

ಮೇಲಿನ ಜೋಡಿ, ಕೆಳಗಿನ ಜೋಡಿ ಎರಡನ್ನೂ ಬೇರೆಬೇರೆ ಅಳೆಯಿರಿ. ಹಳೇ ವಾಚು ಕೆಳಗೆ ಬಿದ್ದಿದ್ದರೆ ಒಂದು ಲಗ್ಗು ಒಳಗೆ ಬಾಗಿರುತ್ತೆ, ಆಗ ಎರಡು ಕಡೆ ಅಳತೆ ಒಂದೇ ಬರಲ್ಲ.

ಸ್ಟೀಲ್_ಚೈನ್

ನಂದೂ ಇದೇ ಸಮಸ್ಯೆ. ಸ್ಟೀಲ್ ಚೈನು ಕೈಗೆ ದೊಡ್ಡದಾಗಿದೆ, ಎರಡು ಕೊಂಡಿ ತೆಗೀಬೇಕು. ಟೂಲಿನ ಸೂಜಿ ತುದಿಯಿಂದ ಒತ್ತಿದೆ, ಸೂಜಿ ಬಾಗಿತೇ ಹೊರತು ಪಿನ್ನು ಕದಲಲಿಲ್ಲ. ಟೂಲೇ ಕಳಪೆನಾ?

ಹುಬ್ಬಳ್ಳಿ_ಗಂಟೆ

ಅದು ಬ್ಯಾರೆ ಕೆಲಸ ರೀ. ಕೊಂಡಿಯೊಳಗಿನ ಪಿನ್ನಿಗೆ ಸ್ಪ್ರಿಂಗ್ ಇರಂಗಿಲ್ಲ, ಬಿಗಿಯಾಗಿ ಬಡದು ಕೂಡಿಸಿರ್ತಾರ. ಅದನ್ನ ತೆಗಿಯಾಕ ಪಿನ್ ಪಂಚು, ಸಣ್ಣ ಸುತ್ತಿಗಿ ಬೇಕು. ಕೊಂಡಿ ಒಳಮೈಯಾಗ ಬಾಣದ ಗುರ್ತು ಇರ್ತದ, ಬಾಣ ತೋರಿಸಿದ ದಿಕ್ಕಿಗೇ ಬಡೀಬೇಕು. ಎದುರು ದಿಕ್ಕಿಗೆ ಬಡದ್ರ ತೂತು ಕೆಡ್ತದ. ಇದಕ್ಕ ಹೊಸ ಚರ್ಚೆ ಸುರು ಮಾಡ್ರಿ, ಇಲ್ಲಿ ಬೆಲ್ಟಿನ ಮಾತು ನಡದದ.

ತಿಪಟೂರು_ಎಕ್ಸ್‌ಪ್ರೆಸ್

ಲಗ್ನಪತ್ರಿಕೆ ಪಟ್ಟಿ ಮಾಡಿದೆ. ಕೆಳಗಿನ ಕಡೆ, ಅಂದರೆ 6ರ ಕಡೆಯ ಪಿನ್ನು ಸುಲಭವಾಗಿ ಬಂತು. ಗೆರೆ 21 ಮಿ.ಮೀ.ಗೆ, ಅಂದರೆ ಅಗಲ 18.1. 12ರ ಕಡೆ ಪಿನ್ನು ಬರ್ತಾನೇ ಇಲ್ಲ. ಪಕ್ಕದಲ್ಲಿ ಇಳಿಸಿ ನೋಡಿದರೆ 18.0. 18ರ ಬೆಲ್ಟೇ ತರಲಾ? ಹಾಗಿದ್ದರೆ 20ರದ್ದನ್ನು ಒತ್ತಿ ಹಾಕಬಹುದು ಅಂದಿದ್ದು?

ರಿಪೇರಿ_ಮೇಜು

18ರ ಬೆಲ್ಟೇ. 0.1 ಅನ್ನೋದು ರಟ್ಟಿನ ಅಳತೆಯ ಮಿತಿಯೊಳಗೇ ಇದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

20ರ ಚರ್ಮದ ಬೆಲ್ಟನ್ನು 18ಕ್ಕೆ ಒತ್ತಿದರೆ ಹೋಗುತ್ತೆ, ಸುಳ್ಳಲ್ಲ. ಆದರೆ ಅಂಚು ಮಡಚಿಕೊಂಡು ಲಗ್ಗಿಗೆ ಒತ್ತಿ ನಿಲ್ಲುತ್ತೆ. ಮುಂದಿನ ಸಲ ಬೆಲ್ಟು ಬಿಚ್ಚುವಾಗ ಕವಲು ತುದಿ ತೂರಿಸೋಕೆ ಸಂದೇ ಸಿಗಲ್ಲ. ಅಲ್ಲಿ ಬಲ ಹಾಕಿ ತೂರಿಸಿದಾಗಲೇ ಟೂಲು ಜಾರಿ ಲಗ್ಗಿನ ಮೇಲೆ ಉದ್ದ ಗೀರು ಬೀಳೋದು. ಅರ್ಧ ಮಿ.ಮೀ. ಹೆಚ್ಚಿದ್ದರೆ ಮೆತ್ತನೆ ಚರ್ಮ ತಡಕೊಳ್ಳುತ್ತೆ, 2 ಮಿ.ಮೀ. ಅಲ್ಲ. ರಬ್ಬರು, ಲೋಹದ ಪಟ್ಟಿಗೆ ಅದೂ ಇಲ್ಲ.

ಇನ್ನು ಅಳತೆ ಕಮ್ಮಿಯಾದರೆ, ಅಂದರೆ 18ರ ಜಾಗದಲ್ಲಿ ನಿಮ್ಮ ಹಳೇ 17, ಎರಡು ಪಕ್ಕದಲ್ಲೂ ಅರ್ಧರ್ಧ ಮಿ.ಮೀ. ಪಿನ್ನು ಬಯಲಾಗಿರುತ್ತೆ. ಬೆವರು ನೇರ ಅಲ್ಲಿಗೇ ಇಳಿಯುತ್ತೆ, ಬೆಲ್ಟು ಆಚೀಚೆ ಜಾರಿ ಪಿನ್ನಿನ ತುದಿ ಹತ್ತಿರದ ಸಣ್ಣ ಅಂಚನ್ನು, ಅಂದರೆ ಕಾಲರನ್ನು ಸವೆಸುತ್ತೆ. 12ರ ಕಡೆಯ ಪಿನ್ನು ಹಿಡಿದಿರೋದಕ್ಕೆ ಬಹುಶಃ ಇದೇ ಕಾರಣ.

ಬೆಲ್ಟು ತರುವಾಗ ಲೇಬಲ್ಲಿನ ಮೇಲೆ 18/16 ಅಂತ ಇದ್ದರೆ ಗಾಬರಿ ಬೇಡ. ಮೊದಲನೆಯದು ವಾಚಿನ ಕಡೆಯ ಅಗಲ, ಎರಡನೆಯದು ಬಕಲ್ಲಿನ ಕಡೆಯದು. ಬಕಲ್ಲಿನಲ್ಲಿ ಅಳೆದು 16ರ ಬೆಲ್ಟು ತಂದು ಪೇಚಾಡುವವರು ಇದ್ದಾರೆ.

ಕಡಲ_ಕಿನಾರೆ

ಪಿನ್ನು ಬರುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ ಮಾರಾಯ್ರೆ. ನಮ್ಮ ಮಂಗಳೂರಿನ ಬೆವರಿಗೆ ಇದು ಮಾಮೂಲು. ಉಪ್ಪು ಒಳಗೆ ಹೋಗಿ ಸ್ಪ್ರಿಂಗೇ ತುಕ್ಕು ಹಿಡಿದು ಗಟ್ಟಿಯಾಗಿರ್ತದೆ. ಕವಲು ಹಾಕಿ ಎಷ್ಟು ಎಳೆದರೂ ಕಾಲರು ಒಳಗೆ ಹೋಗುವುದಿಲ್ಲ, ಕೊನೆಗೆ ಟೂಲು ಜಾರ್ತದೆ. ಡಬ್ಲ್ಯೂಡಿ-40 ಸ್ವಲ್ಪ ಹಾಕಿ ಬಿಡಿ, ರಾತ್ರಿ ಇಡೀ ಇರಲಿ.

ರಿಪೇರಿ_ಮೇಜು

ಡಬ್ಲ್ಯೂಡಿ-40 ಹಾಕಬಹುದು, ಡಬ್ಬಿಯಿಂದ ನೇರ ಚಿಮುಕಿಸಬೇಡಿ. ಹಳೇ ಜನತಾದ ಚಾವಿಯ ಕಡೆ, ಹಿಂದಿನ ಮುಚ್ಚಳದ ಸುತ್ತ ನೀರು ತಡೆಯುವ ಏರ್ಪಾಡು ನೆಚ್ಚುವಂಥದ್ದಲ್ಲ. ಚಿಮುಕಿಸಿದ ಎಣ್ಣೆ ಯಂತ್ರದೊಳಗೆ ಹೋದರೆ ಡಯಲ್ಲು ಕಲೆಯಾಗುತ್ತೆ, ಗಡಿಯಾರ ಓಡೋದೂ ಹಾಳಾಗುತ್ತೆ. ಒಂದು ಮುಚ್ಚಳದಲ್ಲಿ ಹನಿ ತಗೊಂಡು, ಹೊಲಿಗೆ ಸೂಜಿಯ ತುದಿ ಅದ್ದಿ, ಪಿನ್ನು ಲಗ್ಗಿನೊಳಗೆ ಹೋಗುವ ಜಾಗಕ್ಕೆ ಮಾತ್ರ ಮುಟ್ಟಿಸಿ. ಆ ಕಡೆಯ ಲಗ್ಗು ಕೆಳಗೆ ಬರುವ ಹಾಗೆ ವಾಚನ್ನು ಓರೆಯಾಗಿ ಇಡಿ, ಎಣ್ಣೆ ಕೇಸಿನ ಕಡೆ ಹರಿಯದಿರಲಿ. ಚರ್ಮಕ್ಕೆ ಎಣ್ಣೆ ತಾಗುತ್ತೆ, ಹೇಗಿದ್ದರೂ ಎಸೆಯುವ ಬೆಲ್ಟು.

ಮಾರನೇ ದಿನ ಇನ್ನೊಂದು ಪಕ್ಕದ ಕಾಲರನ್ನು ಪ್ರಯತ್ನಿಸಿ. ಒಂದು ಪಿನ್ನಿಗೆ ಎರಡು ತುದಿ, ಎರಡೂ ಒಂದೇ ಹದದಲ್ಲಿ ತುಕ್ಕು ಹಿಡಿಯೋದು ಅಪರೂಪ. ಯಾವುದಾದರೂ ಒಂದು ತುದಿ ಒಳಗೆ ಹೋದರೆ ಸಾಕು, ಪಿನ್ನು ಹೊರಗೆ ಬರುತ್ತೆ.

ಅದೂ ಆಗದಿದ್ದರೆ ಬ್ಲೇಡಿನಿಂದ ಬೆಲ್ಟನ್ನು ಕತ್ತರಿಸಿ ತೆಗೆದು, ಪಿನ್ನನ್ನು ಬರಿದು ಮಾಡಿ, ಸಣ್ಣ ಕಟರಿನಿಂದ ಸರಿಯಾಗಿ ನಡುವೆ ಕತ್ತರಿಸಿ. ಲಗ್ಗಿನ ಹತ್ತಿರ ಕತ್ತರಿಸಬೇಡಿ. ಹಿಡಿದು ಎಳೆಯೋಕೆ ಒಂದಷ್ಟು ಉದ್ದ ಉಳಿದಿರಬೇಕು. ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ, ತುಂಡು ಎಲ್ಲಿಗೆ ಹಾರುತ್ತೋ ಹೇಳೋಕಾಗಲ್ಲ.

ತಿಪಟೂರು_ಎಕ್ಸ್‌ಪ್ರೆಸ್

ಸರಿ. ಅಂದಹಾಗೆ 6ರ ಕಡೆಯದ್ದು ಬಂತು ಅಂದೆನಲ್ಲ, ಅದನ್ನು ತೆಗೆದ ರೀತಿ ಸರಿಯೋ ಗೊತ್ತಿಲ್ಲ. ಟೂಲನ್ನು ಕೆಳಗೆ ತೂರಿಸಿ ಮೇಲಕ್ಕೆ ಮೀಟಿದೆ, ಟಕ್ ಅಂತ ಹಾರಿತು. ಕವಲು ಹೇಗೆ ಹಿಡಿಯಬೇಕು ಅಂತ ಯಾರಾದರೂ ಬಿಡಿಸಿ ಹೇಳಿ. ಹಾಕುವಾಗ ಬೇಕಾಗುತ್ತೆ.

ರಿಪೇರಿ_ಮೇಜು

ಮೀಟೋದಲ್ಲ, ಒತ್ತೋದು. ಮೀಟಿದರೆ ಪಿನ್ನಿನ ಮೊನೆ ತೂತಿನ ಅಂಚನ್ನು ಕೆರೆದುಕೊಂಡು ಹೊರಬರುತ್ತೆ. ಹಳೇ ಎಚ್‌ಎಂಟಿಗಳಲ್ಲಿ ಹಿತ್ತಾಳೆಗೆ ಕ್ರೋಮ್ ಲೇಪಿಸಿದ ಕೇಸು ಸಾಮಾನ್ಯ. ನಿಮ್ಮದರಲ್ಲಿ ಸ್ಟೀಲು ಅಂತ ಕೊರೆದಿರೋದು ಹಿಂದಿನ ಮುಚ್ಚಳಕ್ಕೆ ಮಾತ್ರ, ಕೇಸಿಗಲ್ಲ. ಹಿತ್ತಾಳೆ ಮೆತ್ತಗೆ, ಪಿನ್ನು ಗಟ್ಟಿ. ನಾಲ್ಕಾರು ಸಲ ಮೀಟಿದರೆ ಗುಂಡಗಿನ ತೂತು ಮೊಟ್ಟೆಯಾಕಾರ ಆಗುತ್ತೆ.

ತೆಗೆಯುವ ಕ್ರಮ ಹೀಗೆ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ವಾಚನ್ನು ಬೋರಲು ಇಡಿ. ಲಗ್ಗಿನ ಒಳಗೋಡೆಗೂ ಹಿಂಬದಿಗೂ ಕಾಗದದ ಟೇಪು ಅಂಟಿಸಿ. ಈಗ ಲಗ್ಗಿಗೂ ಬೆಲ್ಟಿಗೂ ನಡುವಿನ ಸಂದಿನಲ್ಲಿ ಕವಲನ್ನು ಇಳಿಸಿ, ಮೆಲ್ಲಗೆ ತಡಕಿ. ಪಿನ್ನಿನ ತುದಿಯ ಹತ್ತಿರ ಒಂದು ಸಣ್ಣ ಅಂಚು ಕವಲಿಗೆ ಸಿಗುತ್ತೆ, ಅದೇ ಕಾಲರು. ಕೆಲವು ಪಿನ್ನಿಗೆ ಒಂದು ಕಾಲರು, ಕೆಲವಕ್ಕೆ ಎರಡು, ಎರಡರ ನಡುವೆ ತೋಡು. ಎರಡು ಕಾಲರಿನದ್ದಾದರೆ ಕವಲು ಆ ತೋಡಿನಲ್ಲಿ ಕೂರುತ್ತೆ, ಜಾರಲ್ಲ.

ಕವಲು ಕೂತಮೇಲೆ ಲಗ್ಗಿನಿಂದ ದೂರಕ್ಕೆ, ಬೆಲ್ಟಿನ ನಡುವಿನ ಕಡೆಗೆ ಒತ್ತಿ. ಮೊನೆ ಸುಮಾರು 1 ಮಿ.ಮೀ. ಒಳಗೆ ಸರಿದರೆ ತೂತಿನಿಂದ ಬಿಡುಗಡೆ ಆಯಿತು. ಒತ್ತಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಬೆಲ್ಟನ್ನು ಚೂರು ಹೊರಕ್ಕೆ ಎಳೆಯಿರಿ. ಆ ಹೊತ್ತಿನಲ್ಲಿ ಹೆಬ್ಬೆರಳು ಪಿನ್ನಿನ ಮೇಲಿರಲಿ. ಇಲ್ಲದಿದ್ದರೆ ಅದು ಹಾರಿ ಮಂಚದ ಕೆಳಗೆ ಸೇರುತ್ತೆ. ಹಾರಬಾರದು ಅಂದರೆ ಕೈ, ವಾಚು, ಟೂಲು ಮೂರನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಕೆಲಸ ಮಾಡಿ. ನೋಡೋಕೆ ತಮಾಷೆ, ಆದರೆ ನಡೆಯುತ್ತೆ.

ಕವಲು ಸಂದಿಗೇ ಹೋಗುತ್ತಿಲ್ಲ ಅಂದರೆ ಟೂಲು ದಪ್ಪ ಅಂತ. ಅಗ್ಗದ ಟೂಲುಗಳ ಕವಲು ದಪ್ಪಗಿದ್ದು ಮೆತ್ತಗೂ ಇರುತ್ತೆ. ನಯವಾದ ಸಾಣೆಕಲ್ಲಿನ ಮೇಲೆ ಎರಡೂ ಮುಖ ತಿಕ್ಕಿ ತೆಳ್ಳಗೆ ಮಾಡಬಹುದು. ಅಂಚಿನ ಚೂಪು ಮುರಿಯೋದು ಮರೆಯಬೇಡಿ. ಸ್ವಿಸ್ ಬೆರ್ಜೆಯಾನ್ ಕಂಪನಿಯದ್ದರಲ್ಲಿ 6767-ಎಫ್ ಅಂತ ತೆಳು ಕವಲಿನದ್ದಿದೆ. ಒಂದು ವಾಚಿಗೋಸ್ಕರ ಅಷ್ಟು ಖರ್ಚು ಮಾಡಿ ಅಂತ ನಾನು ಹೇಳಲ್ಲ.

ಡಲ್ಲಾಸ್_ಕನ್ನಡಿಗ

ಪಿನ್ನಿನ ದಪ್ಪದ ಬಗ್ಗೆ ಯಾರೂ ಮಾತಾಡಿಲ್ಲ. ಸೈಕೋ ಎಸ್‌ಕೆಎಕ್ಸ್007ರಲ್ಲಿ ಲಗ್ 22, ಪಿನ್ನು 2.5 ಮಿ.ಮೀ. ದಪ್ಪ. ಬೇರೆ ಕಂಪನಿಯ ಚರ್ಮದ ಬೆಲ್ಟಿನ ತೂತಿಗೆ ಅದು ತೂರಲ್ಲ. ಬೆಲ್ಟಿನ ಜೊತೆ ಬಂದ ತೆಳು ಪಿನ್ನು ಹಾಕಿದರೆ ಲಗ್ಗಿನ ದೊಡ್ಡ ತೂತಿನಲ್ಲಿ ಅದು ಲೊಡಲೊಡ ಅನ್ನುತ್ತೆ. ಹಾಗಾಗಿ ಸಿಕ್ಕಿದ್ದರಲ್ಲಿ ದಪ್ಪ ಪಿನ್ನೇ ಒಳ್ಳೆಯದು. ಎಕ್ಸ್‌ಪ್ರೆಸ್ ಅವರೂ ದಪ್ಪದ್ದೇ ಹಾಕಲಿ. ಈ ಸೈಕೋದಲ್ಲಿ ಲಗ್ಗಿನ ಹೊರಗಡೆಗೂ ತೂತಿದೆ, ಹೊರಗಿಂದ ಸೂಜಿ ತುದಿಯಿಂದ ಒತ್ತಿದರೆ ಪಿನ್ನು ಒಳಗೆ ಸರಿಯುತ್ತೆ. ಜನತಾದಲ್ಲೂ ಹಾಗೇ ಮಾಡಬಹುದಲ್ಲ?

ರಿಪೇರಿ_ಮೇಜು

ಸೈಕೋ ಬಗ್ಗೆ ಹೇಳಿದ್ದು ಸರಿ, ಜನತಾಗೆ ಅನ್ವಯ ಆಗಲ್ಲ. ಜನತಾದ ಲಗ್ಗಿನಲ್ಲಿ ತೂತು ಹೊರಗಿನವರೆಗೆ ಹಾಯ್ದಿರಲ್ಲ, ಒಳಗಡೆ ಮಾತ್ರ. ಆದ್ದರಿಂದ ಸೂಜಿ ತುದಿಗೆ ಇಲ್ಲಿ ಕೆಲಸವಿಲ್ಲ.

ದಪ್ಪದಲ್ಲಿ ಎರಡು ಅಳತೆ ಬೇರೆಬೇರೆ: ಪಿನ್ನಿನ ಮೈ, ಪಿನ್ನಿನ ಮೊನೆ. ಮೈ ದಪ್ಪಗಿದ್ದರೆ ಬೆಲ್ಟಿನೊಳಗೆ ಹೋಗಬೇಕು, ಕೇಸಿಗೂ ತಾಗಬಾರದು. ಮೊನೆ ಲಗ್ಗಿನ ತೂತಿಗೆ ಹೊಂದಬೇಕು. ಸೈಕೋದ ದಪ್ಪ ಪಿನ್ನಿನ ಮೊನೆ ಸುಮಾರು 1.1 ಮಿ.ಮೀ., ಮಾಮೂಲಿ ಪಿನ್ನಿನದ್ದು 0.8ರ ಆಸುಪಾಸು. ದಪ್ಪ ಮೊನೆಯನ್ನು ಸಣ್ಣ ತೂತಿಗೆ ಹಾಕಿದರೆ ಅದು ಒಳಗೆ ಹೋಗದೆ ಬಾಯಲ್ಲೇ ಕೂರುತ್ತೆ. ನೋಡೋಕೆ ಸರಿಯಾಗಿದೆ ಅನ್ನಿಸುತ್ತೆ, ಎಳೆದರೆ ಬರುತ್ತೆ.

ಜನತಾಗೆ 18ರ ಸೈಜಿನ, 1.5 ಮಿ.ಮೀ. ಮೈಯ, ಎರಡು ಕಾಲರಿನ ಸ್ಟೇನ್‌ಲೆಸ್ ಪಿನ್ನು ಎರಡು ತಗೊಳ್ಳಿ. ಬೆಲ್ಟಿನ ತೂತು ದೊಡ್ಡದಿದ್ದರೆ 1.8ರದ್ದೂ ನಡೆಯುತ್ತೆ. ಚಿಕ್ಕಪೇಟೆ ಸುತ್ತಿನ ವಾಚ್ ಸಾಮಾನಿನ ಅಂಗಡಿಗಳಲ್ಲಿ ಸೈಜು ಹೇಳಿದರೆ ಬಿಡಿಯಾಗಿ ಕೊಡುತ್ತಾರೆ. ಹಳೇ ಪಿನ್ನನ್ನು ಮತ್ತೆ ಹಾಕಬೇಡಿ. ಬೆರಳಲ್ಲಿ ಒತ್ತಿದಾಗ ಮೊನೆ ತಡವರಿಸಿಕೊಂಡು ಹೊರಬಂದರೆ ಅದರ ಆಯುಸ್ಸು ಮುಗಿದಿದೆ.

18ರ ಪಿನ್ನನ್ನು ಒತ್ತದೆ ತುದಿಯಿಂದ ತುದಿಗೆ ಅಳೆದರೆ ಸುಮಾರು 20 ಬರುತ್ತೆ, ಮೊನೆಗಳು ಸೇರಿ. ತಪ್ಪು ಸೈಜು ಕೊಟ್ಟರು ಅಂದುಕೊಂಡು ವಾಪಸ್ ಮಾಡಬೇಡಿ.

ನಾಣ್ಯಗಾರ

18 ಸಿಗದಿದ್ದರೆ 17ರ ಪಿನ್ನು ಹಾಕಿದರೂ ಸ್ಪ್ರಿಂಗ್ ಇರೋದರಿಂದ ಹೊಂದಿಕೊಳ್ಳುತ್ತೆ ಅಲ್ವಾ?

ಹುಬ್ಬಳ್ಳಿ_ಗಂಟೆ

ಹೊಂದಿಕೊಂಡಂಗ ಕಾಣ್ತದ, ಅಷ್ಟ. ಒಂದೊಂದು ಕಡೆ ಅರ್ಧ ಮಿ.ಮೀ. ಮೊನೆ ಕಮ್ಮಿ ಒಳಗ ಹೋಗ್ತದ. ತೂತಿನಾಗ ಕೂತದ್ದೇ 1 ಮಿ.ಮೀ., ಅದರಾಗ ಅರ್ಧ ಹೋದ್ರ ಉಳದದ್ದೇನು? ಬಸ್ಸಿನಾಗ ಕೈ ಕಂಬಿಗೆ ಸಿಕ್ಕರ ವಾಚು ಹೋತು. 19ರದ್ದು ಹಾಕಿದ್ರ ತಿರುಗಾಮುರುಗಾ: ಪೂರ್ತಿ ಒತ್ತಿದ್ರೂ ಮೈ ಉದ್ದ ಉಳೀತದ, ಲಗ್ಗಿನ ನಡುವ ಹೋಗಂಗಿಲ್ಲ. ಹೋದ್ರೂ ಮುಂದ ತೆಗಿಯಾಕ ಒತ್ತುವಷ್ಟು ಜಾಗ ಇರಂಗಿಲ್ಲ.

ತಿಪಟೂರು_ಎಕ್ಸ್‌ಪ್ರೆಸ್

12ರ ಕಡೆಯದ್ದನ್ನು ಕತ್ತರಿಸಬೇಕಾಯಿತು. ಎಡಗಡೆಯ ಅರ್ಧ ಇಕ್ಕಳದಲ್ಲಿ ತಿರುಗಿಸಿ ಎಳೆದರೆ ಬಂತು. ಬಲಗಡೆ ತುಂಡು ಬಂತು, ಆದರೆ ಮೊನೆ ತೂತಿನೊಳಗೇ ಮುರಿದು ಉಳಿದಿದೆ. ಕಪ್ಪಗೆ ಒಂದು ಚುಕ್ಕೆ ಕಾಣುತ್ತೆ. ಹೊರಗಿಂದ ತೂತಿಲ್ಲ, ತಳ್ಳೋಕೂ ಆಗಲ್ಲ. ಏನು ಮಾಡಲಿ?

ಕಡಲ_ಕಿನಾರೆ

ಪಟಿಕ ಉಂಟಲ್ಲ. ನೀರಲ್ಲಿ ಪಟಿಕ ಕರಗಿಸಿ, ಬಿಸಿ ಮಾಡಿ ಕೇಸನ್ನು ಅದ್ದಿಟ್ಟರೆ ಉಕ್ಕು ಕರಗಿ ಹೋಗ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ಮುರಿದ ಸ್ಕ್ರೂ ತೆಗೆಯಲಿಕ್ಕೆ ವಾಚ್ ರಿಪೇರಿಯವರು ಮಾಡುವುದು ಇದನ್ನೇ.

ರಿಪೇರಿ_ಮೇಜು

ಮಾಡೋದು ಹೌದು, ಆದರೆ ಸ್ಕ್ರೂ ಮಾಮೂಲಿ ಉಕ್ಕಿನದ್ದು. ಪಿನ್ನಿನ ಮೊನೆ ಸ್ಟೇನ್‌ಲೆಸ್ ಆಗಿದ್ದರೆ ಪಟಿಕ ಅದನ್ನು ಕರಗಿಸೋದು ಕಷ್ಟ. ಇವರದ್ದು ತುಕ್ಕು ಹಿಡಿದಿರೋದರಿಂದ ಮಾಮೂಲಿ ಉಕ್ಕೇ ಇರಬಹುದು. ಕತ್ತರಿಸಿ ತೆಗೆದ ತುಂಡಿಗೆ ಅಯಸ್ಕಾಂತ ಹಿಡಿದು ಒಂದು ಅಂದಾಜು ಮಾಡಬಹುದು, ಪೂರ್ತಿ ನಂಬೋ ಪರೀಕ್ಷೆ ಅಲ್ಲ.

ಅದಕ್ಕಿಂತ ಮುಖ್ಯ, ಅದ್ದಬೇಕಾದರೆ ಯಂತ್ರ, ಡಯಲ್ಲು, ಗಾಜು, ಚಾವಿ ಎಲ್ಲ ಬಿಚ್ಚಿ ಬರೀ ಕೇಸು ಇರಬೇಕು. ಇನ್ನು ಲೇಪನ. ಪಟಿಕದ ನೀರು ಆಮ್ಲೀಯ. ಕ್ರೋಮ್ ಎಲ್ಲಿ ಸವೆದು ಹಿತ್ತಾಳೆ ಹಳದಿಯಾಗಿ ಕಾಣ್ತಿದೆಯೋ ಅಲ್ಲಿಂದ ಲೇಪನ ಎದ್ದು ಬರುವ ಭಯ ನನಗಿದೆ. ನಾನಾದರೆ ಮೊದಲು ಎಣ್ಣೆ ಮುಟ್ಟಿಸಿ, ಚೂಪಾದ ಗಟ್ಟಿ ಸೂಜಿಯಿಂದ ಮೊನೆಯ ಅಂಚನ್ನು ಸುತ್ತಲೂ ಕೆದಕುತ್ತೇನೆ. ತುಕ್ಕಿನ ಪುಡಿ ಬಿಟ್ಟರೆ ಎಷ್ಟೋ ಸಲ ತಾನೇ ಅಲುಗಾಡುತ್ತೆ.

ಕಡಲ_ಕಿನಾರೆ

ಕ್ರೋಮಿಗೆ ಏನೂ ಆಗುವುದಿಲ್ಲ ಅಂತಲೇ ಇಲ್ಲಿಯ ರಿಪೇರಿಯವರು ಹೇಳುವುದು. ಅಖಂಡವಾಗಿರುವ ಲೇಪನಕ್ಕೆ ಮಾತ್ರ ಆ ಮಾತೋ ಏನೋ. ಸವೆದ ಕೇಸಿನ ಬಗ್ಗೆ ನಾನು ಪಂಥ ಕಟ್ಟುವುದಿಲ್ಲ.

ಹುಬ್ಬಳ್ಳಿ_ಗಂಟೆ

ಪಟಿಕದ ಜಗಳ ಆಮ್ಯಾಲ ನೋಡೋಣು. ಎಕ್ಸ್‌ಪ್ರೆಸ್ ಅವರ, ಡ್ರಿಲ್ ಮಾತ್ರ ಹಚ್ಚಬ್ಯಾಡ್ರಿ. ಮೆತ್ತನ ಹಿತ್ತಾಳಿಯೊಳಗ ಗಟ್ಟಿ ಉಕ್ಕು ಕೂತದ. ಡ್ರಿಲ್ಲಿನ ಮೊನಿ ಉಕ್ಕು ಬಿಟ್ಟು ಪಕ್ಕದ ಹಿತ್ತಾಳಿಗೇ ಜಾರ್ತದ, ಒಂದು ತೂತಿನ ಬದಲಿ ಎರಡು ಆಗ್ತಾವ.

ತಿಪಟೂರು_ಎಕ್ಸ್‌ಪ್ರೆಸ್

ಸೂಜಿ, ಎಣ್ಣೆ ನಡೀತು. ಸುತ್ತ ಕೆದಕಿ, ವಾಚನ್ನು ಓರೆ ಮಾಡಿ ಕಟ್ಟಿಗೆ ತುಂಡಿನಿಂದ ಲಗ್ಗಿನ ಹೊರಮೈಗೆ ಮೆಲ್ಲಗೆ ತಟ್ಟಿದ ಮೇಲೆ ಮೊನೆ ಉದುರಿತು. 18/16 ಬೆಲ್ಟು, 1.5ರ ಪಿನ್ನು ಎರಡೂ ಬಂದಿವೆ. ಈಗ ಹಾಕುವ ಕ್ರಮ ಹೇಳಿ. ಉದ್ದದ ಭಾಗ ಯಾವ ಕಡೆ?

ರಿಪೇರಿ_ಮೇಜು

ಬಕಲ್ಲಿರುವ ಗಿಡ್ಡ ಭಾಗ 12ರ ಕಡೆ, ತೂತುಗಳಿರುವ ಉದ್ದ ಭಾಗ 6ರ ಕಡೆ. ಬೆಲ್ಟಿನ ನಯವಾದ ಮುಖ ಮೇಲೆ ಬರುತ್ತಾ ಅಂತ ಪಿನ್ನು ಹಾಕುವ ಮುಂಚೆಯೇ ನೋಡಿಕೊಳ್ಳಿ. ವಾಚು ಬೋರಲಿರುವಾಗ ಅದು ಗೊಂದಲ ಮಾಡುತ್ತೆ.

ತೂತುಗಳನ್ನು ಹಲ್ಲುಕಡ್ಡಿಯಿಂದ ಚೊಕ್ಕಟ ಮಾಡಿ, ಎಣ್ಣೆ ಒರೆಸಿ. ಒಳಗೋಡೆಗೆ ಹೊಸ ಟೇಪು ಹಾಕಿ, ತೂತಿನ ಜಾಗ ಬಿಟ್ಟು. ಪಿನ್ನನ್ನು ಬೆಲ್ಟಿನೊಳಗೆ ತೂರಿಸಿ, ಎರಡು ಕಡೆಯೂ ಮೊನೆ ಮತ್ತು ಕಾಲರು ಹೊರಗಿರಲಿ. ಬಲಗೈಯವರಾದರೆ ಎಡಗಡೆಯ ಮೊನೆಯನ್ನು ಮೊದಲು ಅದರ ತೂತಿಗೆ ಓರೆಯಾಗಿ ಇಡಿ. ಆ ಕಡೆಗೆ ಬೆಲ್ಟನ್ನು ಬೆರಳಿನಿಂದ ಒತ್ತಿ ಹಿಡಿದು, ಬಲಗಡೆಯ ಕಾಲರನ್ನು ಕವಲಿನಿಂದ ಒಳಕ್ಕೆ ಒತ್ತಿ. ಮೊನೆ ಪೂರ್ತಿ ಒಳಸರಿದ ಮೇಲೆ ಲಗ್ಗುಗಳ ನಡುವೆ ಇಳಿಸಿ, ತೂತಿನ ನೇರಕ್ಕೆ ಬಂತು ಅನ್ನಿಸಿದಾಗ ಕವಲು ಸಡಿಲಿಸಿ. ಟಿಕ್ ಅಂತ ಸಣ್ಣ ಸದ್ದು ಬರುತ್ತೆ. ಬರದಿದ್ದರೆ ಮೊನೆ ಗೋಡೆಗೆ ತಾಗಿ ನಿಂತಿದೆ. ಕವಲಿನಿಂದ ಕಾಲರನ್ನು ಮತ್ತೆ ಅದುಮಿ, ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ತೂತು ಹುಡುಕಿ. ಅದುಮದೆ ಎಳೆದಾಡಿದರೆ ಗೋಡೆಯ ಮೇಲೆ ಗೆರೆ ಬೀಳುತ್ತೆ.

ಸದ್ದು ಬಂದ ಮಾತ್ರಕ್ಕೆ ಮುಗೀಲಿಲ್ಲ. ಸದ್ದು ಒಂದು ತುದಿಯದ್ದು, ಎಡಗಡೆ ಮೊನೆ ಅಷ್ಟರಲ್ಲಿ ಜಾರಿರಬಹುದು. ಹಾಸಿಗೆಯ ಮೇಲೆ ವಾಚು ಹಿಡಿದು ಬೆಲ್ಟನ್ನು ಗಟ್ಟಿಯಾಗಿ ಎಳೆಯಿರಿ, ಎಡಕ್ಕೂ ಬಲಕ್ಕೂ ತಿರುಚಿ. ಆಮೇಲೆ ಹಿಂದಿನಿಂದ ನೋಡಿ, ಎರಡು ಕಾಲರಿಗೂ ಲಗ್ಗಿಗೂ ನಡುವಿನ ಸಂದು ಸಮ ಇರಬೇಕು. ಒಂದು ಕಡೆ ಸಂದು ಕಾಣದೆ ಇನ್ನೊಂದು ಕಡೆ ದೊಡ್ಡದಾಗಿದ್ದರೆ ದೊಡ್ಡ ಕಡೆಯ ಮೊನೆ ಸರಿಯಾಗಿ ಕೂತಿಲ್ಲ ಅಂತ ಅನುಮಾನಿಸಿ.

ತಿಪಟೂರು_ಎಕ್ಸ್‌ಪ್ರೆಸ್

6ರ ಕಡೆ ಗಟ್ಟಿ ಕೂತಿದೆ. 12ರ ಕಡೆ ಎಡ ಸರಿ. ಬಲಗಡೆ, ಮೊನೆ ಮುರಿದಿದ್ದ ತೂತಿನಲ್ಲಿ, ಎಳೆದರೆ ಬರಲ್ಲ, ಆದರೆ ಪಿನ್ನು ಮೇಲೆ ಕೆಳಗೆ ಸ್ವಲ್ಪ ಆಡುತ್ತೆ.

ರಿಪೇರಿ_ಮೇಜು

ತುಕ್ಕು ತೂತನ್ನು ತಿಂದಿದೆ ಅಥವಾ ಕೆದಕಿದ್ದರಿಂದ ಬಾಯಿ ಅಗಲವಾಗಿದೆ. ಭೂತಗನ್ನಡಿಯಲ್ಲಿ ನೋಡಿ. ತೂತು ಗುಂಡಗೇ ಇದ್ದು ದೊಡ್ಡದಾಗಿದ್ದರೆ ಮೈ 1.5, ಮೊನೆ 1.0 ಅಥವಾ 1.1 ಇರುವ ಪಿನ್ನು ಹುಡುಕಬಹುದು. ಆದರೆ ಅದರ ಎರಡೂ ಮೊನೆ ದಪ್ಪಗಿರುತ್ತೆ, ಎಡಗಡೆಯ ಚೊಕ್ಕ ತೂತಿಗೆ ಹೋಗಲ್ಲ. ಹೋಗಲಿ ಅಂತ ಎಡಗಡೆಯದ್ದನ್ನೂ ಕೊರೆಯೋದು ನನಗೆ ಒಪ್ಪಿಗೆಯಿಲ್ಲ.

ತೂತು ಲಗ್ಗಿನ ತುದಿಯ ಕಡೆಗೆ ಮೊಟ್ಟೆಯಾಕಾರ ಆಗಿದ್ದರೆ ರಿಪೇರಿಯವರ ಹತ್ತಿರ ತುಂಬಿಸಿ ಹೊಸದಾಗಿ ಕೊರೆಸಬೇಕು. ಎಳೆತ ಬೀಳೋದು ಆ ಕಡೆಗೇ, ಅಲ್ಲಿ ಗೋಡೆ ತೆಳುವಾಗುತ್ತಾ ಹೋಗುತ್ತೆ.

ಹುಬ್ಬಳ್ಳಿ_ಗಂಟೆ

ಅಲ್ಲೀತನಕ ಒಂದು ದಾರಿ ಅದ. ಎರಡು ತುಂಡಿನ ಬೆಲ್ಟು ಬಿಟ್ಟು, ಎರಡೂ ಕಡೆ ಪಿನ್ನಿಗೂ ಕೇಸಿಗೂ ನಡುವಿನ ಸಂದಿನಾಗ ತೂರಿ ವಾಚಿನ ಹಿಂದ ಹಾದು ಹೋಗೋ ಒಂದೇ ಪಟ್ಟಿಯ ನೈಲಾನ್ ಬೆಲ್ಟು ಹಾಕ್ರಿ, 18ರದ್ದು. ಒಂದು ಪಿನ್ನು ಕಿತ್ತು ಬಂದ್ರೂ ವಾಚು ಇನ್ನೊಂದು ಪಿನ್ನಿಗೆ ತೂಗ್ತದ, ನೆಲಕ್ಕ ಬೀಳಂಗಿಲ್ಲ.

ಡಲ್ಲಾಸ್_ಕನ್ನಡಿಗ

ನೈಲಾನ್ ಪಟ್ಟಿ ವಾಚಿನ ಹಿಂದೆ ಹಾಯೋದರಿಂದ ವಾಚು ಕೈ ಮೇಲೆ ಒಂದೆರಡು ಮಿ.ಮೀ. ಎತ್ತರ ಕೂರುತ್ತೆ. ಜನತಾ ತೆಳು ವಾಚು, ಅದರ ಅಂದ ಹೋಗುತ್ತೆ.

ತಿಪಟೂರು_ಎಕ್ಸ್‌ಪ್ರೆಸ್

ಭೂತಗನ್ನಡಿಯಲ್ಲಿ ನೋಡಿದೆ, ತೂತು ಗುಂಡಗೇ ಇದೆ, ಬಾಯಿ ಮಾತ್ರ ಅಗಲ. ಒಳಗೆ ಮೊನೆ ಬಿಗಿ ಹಿಡಿದಿದೆ ಅನ್ನಿಸುತ್ತೆ. ಸದ್ಯ ಚರ್ಮದ್ದೇ ಇರಲಿ. ಆಟ ಹೆಚ್ಚಾಗುತ್ತಾ ಇದೆಯಾ ಅಂತ ತಿಳಿಯೋದು ಹೇಗೆ?

ರಿಪೇರಿ_ಮೇಜು

ಬಾಯಿ ಮಾತ್ರ ಅಗಲವಿದ್ದರೆ ಹಾಕಿಕೊಳ್ಳಬಹುದು. ತಿಂಗಳಿಗೊಂದು ಸಲ ಕವಲು ತುದಿಯಿಂದ ಆ ಕಾಲರನ್ನು ಲಗ್ಗಿನ ತುದಿಯ ಕಡೆಗೆ ಮೆಲ್ಲಗೆ ತಳ್ಳಿ ನೋಡಿ. ಈಗ ಎಷ್ಟು ಸರಿಯುತ್ತೆ ಅಂತ ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸೋಕೆ ಸುಲಭ. ಕಾಲರು ಲಗ್ಗಿನ ಅಂಚು ದಾಟಿ ಹೊರಗೆ ಕಾಣೋಕೆ ಶುರುವಾದರೆ ಹಾಕೋದು ನಿಲ್ಲಿಸಿ.